ಅನುಕಲದೊಳಗೆ ಅಡಗಿದ ಅರ್ಧವೃತ್ತ

ದ್ವಿತೀಯ ಪಿಯುಸಿಯ ಗಣಿತ ವಿದ್ಯಾರ್ಥಿಯ ಮುಂದೆ ಈ ಲೆಕ್ಕ ಇಟ್ಟರೆ, ಕೈ ತಾನಾಗಿಯೇ x = 3 sin θ ಎಂದು ಬರೆಯಲು ಹೊರಡುತ್ತದೆ.

∫₋₃³ √(9 − x²) dx

ಆ ದಾರಿ ತಪ್ಪಲ್ಲ, ಬಲು ಸುತ್ತು ಅಷ್ಟೆ. x-ಅಕ್ಷದ ಮೇಲಿರುವ ರೇಖೆಗೆ ನಿಶ್ಚಿತ ಅನುಕಲವೆಂದರೆ ರೇಖೆಗೂ ಅಕ್ಷಕ್ಕೂ ನಡುವಿನ ವಿಸ್ತೀರ್ಣ. ಹಾಗಾದರೆ ಇಲ್ಲಿರುವ ರೇಖೆ ಯಾವುದು? y = √(9 − x²) ಎಂದಿಟ್ಟು ಎರಡೂ ಬದಿ ವರ್ಗ ಮಾಡಿದರೆ x² + y² = 9 ಬರುತ್ತದೆ: ಮೂಲಬಿಂದುವೇ ಕೇಂದ್ರವಾದ, 3 ತ್ರಿಜ್ಯದ ವೃತ್ತ. ವರ್ಗಮೂಲದ ಚಿಹ್ನೆ ಋಣ ಬೆಲೆ ಕೊಡುವುದಿಲ್ಲವಾದ್ದರಿಂದ ನಮಗೆ ಸಿಗುವುದು ಮೇಲಿನ ಅರ್ಧ ಮಾತ್ರ. ಮಿತಿಗಳು −3ರಿಂದ 3ರವರೆಗೆ, ಅಂದರೆ ವ್ಯಾಸದ ಉದ್ದಕ್ಕೂ ಇವೆ. ಉತ್ತರ ½ × π × 9, ಅಂದರೆ 9π/2; ಸುಮಾರು 14.14. ಇದು ಹೈಸ್ಕೂಲಿನ ಸೂತ್ರ!

ಮಿತಿ ಬದಲಾದರೆ ಎಚ್ಚರ ಬೇಕು. 0ಯಿಂದ 3ರವರೆಗೆ ಕೇಳಿದ್ದರೆ ಕಾಲು ವೃತ್ತ. ಆದರೆ 0ಯಿಂದ 3/2ರವರೆಗೆ ಕೇಳಿದರೆ ಅದು ಕಾಲು ವೃತ್ತದ ಅರ್ಧವಲ್ಲ. ಅವಸರದಲ್ಲಿ ಹಲವರು ಎಡವುವುದು ಇಲ್ಲೇ. ಚಿತ್ರ ಬರೆದು, ಕೇಂದ್ರದಿಂದ ವೃತ್ತದ ಮೇಲಿನ (3/2, 3√3/2) ಬಿಂದುವಿಗೆ ಒಂದು ಗೆರೆ ಎಳೆಯಬೇಕು. ಆಗ ಆಕೃತಿ ಎರಡು ತುಂಡಾಗುತ್ತದೆ. ಮೇಲಿನದು 30 ಡಿಗ್ರಿಯ ತ್ರಿಜ್ಯಾಂತರ ಖಂಡ. ಇಡೀ ವೃತ್ತದ ಹನ್ನೆರಡರಲ್ಲೊಂದು ಪಾಲು, 3π/4. ಕೆಳಗಿನದು ಲಂಬಕೋನ ತ್ರಿಭುಜ, 9√3/8. ಕೂಡಿದರೆ ಸುಮಾರು 4.30.

ಪಠ್ಯಪುಸ್ತಕದಲ್ಲಿ ಬಾಯಿಪಾಠ ಮಾಡಿಸುವ ಸೂತ್ರ (x/2)√(a² − x²) + (a²/2) sin⁻¹(x/a). ಇದರ ಮೊದಲ ಪದ ಅದೇ ತ್ರಿಭುಜ, ಎರಡನೆಯದು ಅದೇ ತ್ರಿಜ್ಯಾಂತರ ಖಂಡ. ಚಿತ್ರ ಕಂಡವರಿಗೆ ಸೂತ್ರ ಮರೆತರೂ ನಷ್ಟವಿಲ್ಲ.

ಸರಳರೇಖೆಯಾದರೆ ಕೆಲಸ ಇನ್ನೂ ಹಗುರ, ಆದರೆ ಚಿಹ್ನೆ ಕೈಕೊಡಬಹುದು. x − 2 ಎಂಬುದನ್ನು 0ಯಿಂದ 5ರವರೆಗೆ ಅನುಕಲಿಸಬೇಕೆಂದುಕೊಳ್ಳೋಣ. ರೇಖೆ x = 2ರಲ್ಲಿ ಅಕ್ಷವನ್ನು ದಾಟುತ್ತದೆ. ಅದರ ಎಡಕ್ಕೆ, ಅಕ್ಷದ ಕೆಳಗೆ, ಪಾದ 2 ಎತ್ತರ 2ರ ತ್ರಿಭುಜ. ಬಲಕ್ಕೆ, ಮೇಲೆ, ಪಾದ 3 ಎತ್ತರ 3ರದು. ಅಕ್ಷದ ಕೆಳಗಿನದನ್ನು ಅನುಕಲ ಋಣವಾಗಿ ಎಣಿಸುತ್ತದೆ: 4.5 − 2 = 2.5. ಎರಡನ್ನೂ ಕೂಡಿ 6.5 ಎಂದರೆ ಅದು |x − 2|ರ ಉತ್ತರವಾಗುತ್ತದೆ, ಇದರದಲ್ಲ.

ವೃತ್ತ ಕೆಲವೊಮ್ಮೆ ವೇಷ ಮರೆಸಿಕೊಂಡೂ ಬರುತ್ತದೆ. √(6x − x²) ನೋಡಲು ಬೇರೆಯೇ. ವರ್ಗ ಪೂರ್ಣಗೊಳಿಸಿದರೆ √(9 − (x − 3)²), ಅಂದರೆ ಅದೇ ಅರ್ಧವೃತ್ತ 3 ಮಾನ ಬಲಕ್ಕೆ ಸರಿದದ್ದು. 0ಯಿಂದ 6ರವರೆಗೆ ಉತ್ತರ ಮತ್ತೆ 9π/2. ಆದರೆ √(9 + x²) ಕಂಡಾಗ ವೃತ್ತ ಹುಡುಕಿ ಪ್ರಯೋಜನವಿಲ್ಲ. ವರ್ಗ ಮಾಡಿದರೆ y² − x² = 9, ಅದು ಅತಿಪರವಲಯ; ಅಲ್ಲಿ ಅನುಕಲನದ ಮಾಮೂಲಿ ದಾರಿಯನ್ನೇ ಹಿಡಿಯಬೇಕು.