ಹೊರಡಬೇಕಿದ್ದದ್ದು 25 ಸಾವಿರ, ಕುಂಸಿಗೆ ಬಂದದ್ದು 17 ಸಾವಿರ: ನಡುವೆ ತಿಂದವರು ಯಾರು?

ಕುಂಸಿಯ ಮನೆಯೊಂದರ ಜಗಲಿಯಲ್ಲಿ ಕೂತಿದ್ದಾಗ ಆ ತಾಯಿ ಮೊಬೈಲ್ ತೆಗೆದು ಬ್ಯಾಂಕಿನ ಮೆಸೇಜ್ ತೋರಿಸಿದರು. ಖಾತೆಗೆ ಜಮಾ: 17,839 ರೂ. "ತಿಂಗ್ಳಿಗೆ ಇಪ್ಪತ್ತೈದು ಕಳಿಸ್ತೀನಿ ಅಂದಿದ್ದ ಮಗ. ಬ್ಯಾಂಕಿನೋರು ಇಷ್ಟೊಂದು ಹಿಡ್ಕೋತಾರಾ?" ಅಂತ ಕೇಳಿದರು. ಮಗ ದುಬೈನಲ್ಲಿ ವೆಲ್ಡರ್. ಸಂಘದ ಸಾಲದ ಕಂತು ಕಟ್ಟುವುದು ಈ ದುಡ್ಡಿನಲ್ಲೇ.

ಅವರ ಅನುಮಾನ ಪೂರ್ತಿ ತಪ್ಪಲ್ಲ. ಕರೆನ್ಸಿ ಬದಲಾಯಿಸುವಾಗ ಒಂದಿಷ್ಟು ಸೋರುವುದು ನಿಜ. ಆದರೆ ಮಗ ವಾಟ್ಸಾಪ್‌ನಲ್ಲಿ ಕಳಿಸಿದ ಸಂಬಳದ ಚೀಟಿ ಇಟ್ಟುಕೊಂಡು ಲೆಕ್ಕ ಹಾಕಿದರೆ ದೊಡ್ಡ ತೂತು ಬೇರೆ ಕಡೆ ಇದೆ.

ಮೊದಲು ಚೀಟಿ ಓದೋಣ

ಒಪ್ಪಂದದ ಸಂಬಳ 1,500 ದಿರ್ಹಮ್. ಊಟ, ಫೋನ್ ರೀಚಾರ್ಜ್ ಎಲ್ಲ ಸೇರಿ ಅವನ ಖರ್ಚು 400. ಉಳಿಯಬೇಕಾದ್ದು 1,100. ಆದರೆ ಚೀಟಿಯಲ್ಲಿ 'ಅಡ್ವಾನ್ಸ್ ರಿಕವರಿ' ಅಂತ 300 ದಿರ್ಹಮ್ ಕಡಿತ ಇದೆ. ಹಾಗಾಗಿ ಕಳಿಸಲು ಅವನ ಕೈಲಿ ಉಳಿದದ್ದು 800.

ಈ ಅಡ್ವಾನ್ಸ್ ಯಾವುದು? ಅವನು ಕಂಪನಿಯಿಂದ ಒಂದು ದಿರ್ಹಮ್ ಸಾಲ ಪಡೆದಿಲ್ಲ. ಕಳಿಸಿದ ಮಧ್ಯವರ್ತಿ, "ಈಗ ದುಡ್ಡು ಏನೂ ಬೇಡ, ಅಲ್ಲಿ ಹೋದ್ಮೇಲೆ ಸಂಬಳದಲ್ಲಿ ಸ್ವಲ್ಪ ಸ್ವಲ್ಪ ಹಿಡ್ಕೋತಾರೆ" ಅಂದಿದ್ದ. ಕೈಯಲ್ಲಿ ಕಾಸಿಲ್ಲದ ಮನೆಗೆ ಇದು ಉಪಕಾರದ ಹಾಗೆ ಕಾಣುತ್ತದೆ. ಹೊರಡುವ ಮುಂಚೆ ಒಂದಿಷ್ಟು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ತಿಂಗಳಿಗೆ 300ರಂತೆ 12 ತಿಂಗಳು, ಒಟ್ಟು 3,600 ದಿರ್ಹಮ್.

ಪರಿವರ್ತನೆಯಲ್ಲಿ ಹೋದದ್ದೆಷ್ಟು?

ಇಲ್ಲಿ ಒಂದು ಸುಲಭದ ಸೂತ್ರ ಇದೆ. ಯುಎಇ 1997ರಿಂದ ತನ್ನ ದಿರ್ಹಮ್ಮನ್ನು ಡಾಲರಿಗೆ ಕಟ್ಟಿಹಾಕಿದೆ: ಒಂದು ಡಾಲರ್ ಅಂದರೆ 3.6725 ದಿರ್ಹಮ್. ಹಾಗಾಗಿ ಆ ದಿನದ ಡಾಲರ್ ದರವನ್ನು 3.6725ರಿಂದ ಭಾಗಿಸಿದರೆ ದಿರ್ಹಮ್‌ನ ನಿಜವಾದ ಮಾರುಕಟ್ಟೆ ದರ ಸಿಗುತ್ತದೆ. ಲೆಕ್ಕಕ್ಕೆ ಡಾಲರ್ 85 ರೂ. ಅಂತಿಟ್ಟುಕೊಂಡರೆ ದಿರ್ಹಮ್‌ಗೆ 23.145 ರೂ.

ಎಕ್ಸ್‌ಚೇಂಜ್ ಕೌಂಟರ್‌ನಲ್ಲಿ ಅವನಿಗೆ ಕೊಟ್ಟ ದರ 22.90. ಜೊತೆಗೆ 20 ದಿರ್ಹಮ್ ಶುಲ್ಕ, ಅದರ ಮೇಲೆ ಅಲ್ಲಿನ 5% ವ್ಯಾಟ್, ಒಟ್ಟು 21. ಉಳಿದ 779 ದಿರ್ಹಮ್ 22.90ರ ದರದಲ್ಲಿ 17,839 ರೂಪಾಯಿ ಆಯಿತು. ಶುಲ್ಕ ಇಲ್ಲದೆ, ಪೂರ್ತಿ ಮಾರುಕಟ್ಟೆ ದರ ಸಿಕ್ಕಿದ್ದರೆ 800 ದಿರ್ಹಮ್‌ಗೆ 18,516 ರೂ. ಬರುತ್ತಿತ್ತು. ನಷ್ಟ 677 ರೂ. ಇದರಲ್ಲಿ 486 ಕಣ್ಣಿಗೆ ಕಾಣುವ ಶುಲ್ಕ, 191 ದರದೊಳಗೆ ಅಡಗಿಸಿಟ್ಟದ್ದು.

ಕೆಲವು ಕಡೆ 'ಶುಲ್ಕವೇ ಇಲ್ಲ' ಅಂತ ಬೋರ್ಡ್ ಹಾಕಿರುತ್ತಾರೆ. ಅವರು 22.20 ದರ ಕೊಟ್ಟರೆ 800 ದಿರ್ಹಮ್‌ಗೆ ಸಿಗುವುದು 17,760, ಅಂದರೆ ಶುಲ್ಕ ಕೊಟ್ಟಿದ್ದಕ್ಕಿಂತ 79 ರೂ. ಕಮ್ಮಿ! ಆದ್ದರಿಂದ ಕೌಂಟರ್‌ನಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: "ನಾನು 800 ಕೊಟ್ಟರೆ ಊರಿನ ಖಾತೆಗೆ ಒಟ್ಟು ಎಷ್ಟು ರೂಪಾಯಿ ಬೀಳುತ್ತೆ?"

ಊರಿನ ಬ್ಯಾಂಕ್ ಏನಾದರೂ ಹಿಡಿಯಿತಾ? ಇಲ್ಲ. ಎಕ್ಸ್‌ಚೇಂಜ್ ಹೌಸ್‌ಗಳು ಭಾರತದ ಬ್ಯಾಂಕ್‌ಗಳಲ್ಲಿ ರೂಪಾಯಿ ಖಾತೆ ಇಟ್ಟುಕೊಂಡಿರುತ್ತವೆ. ಹಣ ಅಲ್ಲಿಂದ ರೂಪಾಯಿಯಾಗಿಯೇ ಬರುವುದರಿಂದ ಇಲ್ಲಿ ಮತ್ತೆ ಪರಿವರ್ತನೆ ಇರುವುದಿಲ್ಲ. ವಿದೇಶಿ ಕರೆನ್ಸಿಯಲ್ಲೇ ಬಂದು ನಮ್ಮ ಬ್ಯಾಂಕ್ ಅದನ್ನು ಬದಲಾಯಿಸಿದರೆ ಮಾತ್ರ ಆ ಸೇವೆಗೆ ಜಿಎಸ್‌ಟಿ ಬೀಳುತ್ತದೆ. ಕನಿಷ್ಠ 45 ರೂ.

ಶುಲ್ಕ ಉಳಿಸಲು ಎರಡು ತಿಂಗಳಿಗೊಮ್ಮೆ ಕಳಿಸಿದರೆ? 486 ರೂ. ಉಳಿಯುತ್ತದೆ ನಿಜ. ಆದರೆ ಆ ಒಂದು ತಿಂಗಳು ಮನೆಯವರು 17,839 ರೂಪಾಯಿಯನ್ನು ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಕೈಸಾಲ ತಂದರೆ ಬಡ್ಡಿಯೇ 535. ಉಳಿಸಲು ಹೋಗಿ ಕಳೆದುಕೊಂಡ ಹಾಗೆ.

ದೊಡ್ಡ ತೂತು

ಈಗ ಎರಡನ್ನೂ ಪಕ್ಕಪಕ್ಕ ಇಡಿ. ಕಡಿತವೇ ಇಲ್ಲದಿದ್ದರೆ 1,100 ದಿರ್ಹಮ್, ಅಂದರೆ ಮಾರುಕಟ್ಟೆ ದರದಲ್ಲಿ 25,460 ರೂ. ಹೊರಡಬೇಕಿತ್ತು. ಬಂದದ್ದು 17,839. ವ್ಯತ್ಯಾಸ 7,621. ಅದರಲ್ಲಿ ಪರಿವರ್ತನೆಯ ಪಾಲು 677, 'ರಿಕವರಿ'ಯ ಪಾಲು 6,944. ಹತ್ತು ಪಟ್ಟು! ಇವತ್ತು ದರ ಎಷ್ಟು, ನಾಳೆ ಏರುತ್ತಾ ಅಂತ ನಾವು ತಲೆಕೆಡಿಸಿಕೊಳ್ಳುವುದು ಪೈಸೆಗಳಿಗೆ. ರೂಪಾಯಿಗಳು ಹೋಗುತ್ತಿರುವುದು ಸಂಬಳದ ಚೀಟಿಯಲ್ಲಿ.

ಈ ಕಡಿತಕ್ಕೆ ಕಾನೂನಿನಲ್ಲಿ ಜಾಗ ಇದೆಯಾ? ಭಾರತದ ವಲಸೆ ನಿಯಮಗಳ ಪ್ರಕಾರ ಪರವಾನಗಿ ಇರುವ ನೇಮಕಾತಿ ಏಜೆಂಟ್ ಕೆಲಸಗಾರನಿಂದ ಗರಿಷ್ಠ 30,000 ರೂ. ಮತ್ತು 18% ಜಿಎಸ್‌ಟಿ, ಅಂದರೆ 35,400 ರೂ. ಪಡೆಯಬಹುದು. ಅದಕ್ಕೆ ರಸೀದಿ ಕೊಡಲೇಬೇಕು. ಇವನಿಂದ ಕಡಿಯುವ 3,600 ದಿರ್ಹಮ್ ಅಂದರೆ 83,322 ರೂ. ಆ ಮಿತಿಯ ಎರಡು ಪಟ್ಟಿಗಿಂತ ಹೆಚ್ಚು.

ಯುಎಇ ಕಾನೂನು ಇನ್ನೂ ಬಿಗಿ. 2021ರ 33ನೇ ಸಂಖ್ಯೆಯ ಕಾರ್ಮಿಕ ಕಾನೂನಿನ 6ನೇ ವಿಧಿ, ನೇಮಕಾತಿಯ ಖರ್ಚನ್ನು ಕೆಲಸಗಾರನಿಂದ ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ ವಸೂಲಿ ಮಾಡುವಂತಿಲ್ಲ ಅನ್ನುತ್ತದೆ. ಹಾಗಾದರೆ ಚೀಟಿಯಲ್ಲಿ 'ಅಡ್ವಾನ್ಸ್' ಅಂತ ಯಾಕೆ ಬರೆದರು? 25ನೇ ವಿಧಿ ಕಂಪನಿ ಕೊಟ್ಟ ಸಾಲವನ್ನು, ಕೆಲಸಗಾರನ ಲಿಖಿತ ಒಪ್ಪಿಗೆ ಇದ್ದರೆ, ಬಡ್ಡಿ ಇಲ್ಲದೆ ಕಡಿತ ಮಾಡಲು ಬಿಡುತ್ತದೆ. ಹೊರಡುವ ಮುಂಚೆ ಹಾಕಿಸಿಕೊಂಡ ಸಹಿ ಈ ಬಾಗಿಲಿಗೇ ಬೀಗದಕೈ. ನೇಮಕಾತಿ ಶುಲ್ಕಕ್ಕೆ ಸಾಲದ ವೇಷ ಹಾಕಿಸಿದ್ದಾರೆ, ಅಷ್ಟೇ.

ಗುರುತಿಸುವುದು, ಹಿಡಿಯುವುದು

ನಿಜವಾದ ಸಾಲವಾದರೆ ದುಡ್ಡು ಕೈಗೆ ಬಂದ ದಾಖಲೆ ಇರುತ್ತದೆ. ದುಡ್ಡೇ ಬರದೆ ವಸೂಲಿ ಶುರುವಾದರೆ ಅದು ಸಾಲ ಅಲ್ಲ.

ಎರಡನೆಯದು, ಕಡಿತ ಎಲ್ಲಿ ಆಗುತ್ತಿದೆ ನೋಡಿ. ಯುಎಇಯಲ್ಲಿ ಸಂಬಳವನ್ನು 'ವೇಜ್ ಪ್ರೊಟೆಕ್ಷನ್ ಸಿಸ್ಟಂ' ಮೂಲಕ ಹಾಕುವ ವ್ಯವಸ್ಥೆ 2009ರಿಂದ ಇದೆ. ಒಪ್ಪಂದದಲ್ಲಿ 1,500 ಇದ್ದು ಖಾತೆಗೆ 1,200 ಬಿದ್ದರೆ ಆ ವ್ಯತ್ಯಾಸವೇ ಸಾಕ್ಷಿ. ಪೂರ್ತಿ 1,500 ಹಾಕಿ, ಆಮೇಲೆ ಫೋರ್‌ಮನ್ 300 ನಗದು ವಾಪಸ್ ಇಸಿದುಕೊಂಡರೆ ದಾಖಲೆಯಲ್ಲಿ ಎಲ್ಲ ಸರಿ ಕಾಣುತ್ತದೆ. ಆಗ ದಿನಾಂಕ, ಮೊತ್ತ, ಕೇಳಿದ ಮೆಸೇಜ್ ಎಲ್ಲ ಇಟ್ಟುಕೊಳ್ಳಬೇಕು, ಒಂದು ಪ್ರತಿ ಊರಿಗೂ ಕಳಿಸಬೇಕು.

ಮೂರನೆಯದು, ಹೊರಡುವ ಮುಂಚಿನದು. ಏಜೆಂಟನ ಪರವಾನಗಿ ಸಂಖ್ಯೆಯನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಹುಡುಕಿ. ಮನೆ ಬಾಗಿಲಿಗೆ ಬರುವ ಮಧ್ಯವರ್ತಿಯ ಹೆಸರು ಅಲ್ಲಿ ಇಲ್ಲದಿದ್ದರೆ ಅವನಿಗೆ ಒಂದು ರೂಪಾಯಿ ಪಡೆಯುವ ಹಕ್ಕೂ ಇಲ್ಲ. ವಿಸಿಟ್ ವೀಸಾದಲ್ಲಿ ಹೋದವರದು ಇನ್ನೂ ಕಷ್ಟ. ಆ ಪೋರ್ಟಲ್‌ನಲ್ಲಿ ಅವರ ಒಪ್ಪಂದವೇ ಇರುವುದಿಲ್ಲ, ಹೋಲಿಸಿ ನೋಡಲು ಏನೂ ಸಿಗುವುದಿಲ್ಲ.

"ಹೇಳಿದ್ರೆ ಇರೋ ಕೆಲ್ಸನೂ ಹೋಗಲ್ವಾ?" ಅಂತ ಆ ತಾಯಿ ಕೇಳಿದರು. ಆ ಹೆದರಿಕೆ ಸುಳ್ಳಲ್ಲ. ದೂರು ಕೊಟ್ಟದ್ದಕ್ಕೆ ಕೆಲಸದಿಂದ ತೆಗೆದರೆ ಮೂರು ತಿಂಗಳ ಸಂಬಳದವರೆಗೆ ಪರಿಹಾರಕ್ಕೆ ಅಲ್ಲಿನ ಕಾನೂನು ಅವಕಾಶ ಕೊಟ್ಟಿದೆ. ಆದರೆ ಪರಿಹಾರ ಬರುವವರೆಗೆ ಇಲ್ಲಿ ಕಂತು ನಿಲ್ಲುವುದಿಲ್ಲವಲ್ಲ. ದೂರಿಗೂ ಮುಂಚೆ ಸಲಹೆ ಕೇಳಲು ದುಬೈನಲ್ಲಿ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರ ಇದೆ.

ಅವರ ಮಗನಿಗೆ ಇನ್ನೂ ಒಂಬತ್ತು ಕಂತು ಬಾಕಿ. 2,700 ದಿರ್ಹಮ್, ಅಂದರೆ 62 ಸಾವಿರ ರೂಪಾಯಿಗೂ ಮಿಕ್ಕು. ಅವತ್ತು ಸಂಜೆ ತಾಯಿ ಮಗನಿಗೆ ಫೋನ್ ಮಾಡಿದಾಗ ದರ ಎಷ್ಟು ಅಂತ ಕೇಳಲಿಲ್ಲ. "ನೀ ಸಹಿ ಹಾಕಿದ ಆ ಕಾಗದದ ಫೋಟೋ ಕಳ್ಸು" ಅಂದರು.