ಯಲ್ಲಾಪುರದ ದರ ಇನ್ನೂ ಬಂದಿಲ್ಲ: ಕೇಳುವುದು ಹೇಗೆ?

ದ್ವಿತೀಯ ಪಿಯುಸಿಯಲ್ಲಿ ಪ್ರಾಯೋಗಿಕ ಪರೀಕ್ಷೆ ಇಲ್ಲದ ವಿಷಯಗಳಿಗೆ ಈಗ 20 ಅಂಕಗಳ ಆಂತರಿಕ ಮೌಲ್ಯಮಾಪನವಿದೆ. ಅದರಲ್ಲಿ ಪ್ರಾಜೆಕ್ಟಿಗೂ ಪಾಲಿದೆ. ಪ್ರಾಜೆಕ್ಟನ್ನು ಗುಂಪಾಗಿ ಮಾಡುವಾಗ ಒಂದು ತೊಂದರೆ ಆಗಾಗ ಎದುರಾಗುತ್ತದೆ. ನಮ್ಮ ಪಾಲಿನ ಕೆಲಸ ಇನ್ನೊಬ್ಬರು ಕೊಡಬೇಕಾದ ಮಾಹಿತಿಗಾಗಿ ಕಾಯುತ್ತಿರುತ್ತದೆ, ಆ ಮಾಹಿತಿ ಬಂದಿರುವುದಿಲ್ಲ. ಆಗ ಜಗಳವಿಲ್ಲದೆ ಕೇಳುವುದು ಹೇಗೆ?

ಒಂದು ಉದಾಹರಣೆ ತೆಗೆದುಕೊಳ್ಳೋಣ. ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರದ ಮೂವರು ವಿದ್ಯಾರ್ಥಿನಿಯರು ತಮ್ಮ ತಮ್ಮ ಊರಿನ ಮಾರುಕಟ್ಟೆಯ ನಾಲ್ಕು ವಾರಗಳ ಅಡಿಕೆ ದರವನ್ನು ಹೋಲಿಸುತ್ತಿದ್ದಾರೆ ಎಂದುಕೊಳ್ಳಿ. ರಾಶಿ ಮತ್ತು ಚಾಲಿ, ಈ ಎರಡು ಬಗೆ ಮಾತ್ರ. ಪಟ್ಟಿ ಮಾಡಿ ನಕ್ಷೆ ಬಿಡಿಸುವ ಕೆಲಸ ಶಿರಸಿಯವಳದು. ಉಪನ್ಯಾಸಕರಿಗೆ ಸೋಮವಾರ ಒಪ್ಪಿಸಬೇಕು. ಸಿದ್ದಾಪುರದ ದರ ಬಂದಿದೆ, ಯಲ್ಲಾಪುರದ್ದು ಬಂದಿಲ್ಲ.

ಮೊದಲು ಅವಳು ತನ್ನ ದಿನಗಳನ್ನು ಹಿಂದಿನಿಂದ ಎಣಿಸಬೇಕು. ನಕ್ಷೆಗೆ ಎರಡು ಸಂಜೆ ಬೇಕು ಎಂದಾದರೆ ದರ ಗುರುವಾರವೇ ಕೈಸೇರಬೇಕು. ಹಾಗಾದರೆ ನೆನಪಿಸುವ ದಿನ ಮಂಗಳವಾರ. ಭಾನುವಾರ ರಾತ್ರಿ ಕೇಳಿದರೆ ಮಾತು ಎಷ್ಟೇ ಮೆತ್ತಗಿದ್ದರೂ ಕೇಳುವವಳಿಗೆ ಬೈಗುಳದಂತೆಯೇ ಇರುತ್ತದೆ, ಏಕೆಂದರೆ ಆಗ ಅವಳು ಮಾಡಬಹುದಾದದ್ದು ಏನೂ ಉಳಿದಿರುವುದಿಲ್ಲ.

ಕೇಳುವಾಗ "ನಿನ್ನಿಂದ ಎಲ್ಲ ನಿಂತಿದೆ, ಎಷ್ಟು ಸಲ ಹೇಳಬೇಕು?" ಎಂದು ಗುಂಪಿನ ವಾಟ್ಸಾಪ್‌ನಲ್ಲಿ ಬರೆದರೆ, ಉತ್ತರವಾಗಿ ಬರುವುದು ಸಬೂಬು, ದರವಲ್ಲ. ಅದರ ಬದಲು ಅವಳೊಬ್ಬಳಿಗೇ ಹೀಗೆ ಬರೆಯಬಹುದು:

"ಪಟ್ಟಿಯಲ್ಲಿ ಯಲ್ಲಾಪುರದ ರಾಶಿ, ಚಾಲಿ ದರ ಇನ್ನೂ ಖಾಲಿ ಇದೆ. ಗುರುವಾರ ಸಂಜೆಯೊಳಗೆ ಸಿಕ್ಕರೆ ಎರಡು ದಿನದಲ್ಲಿ ನಕ್ಷೆ ಮುಗಿಸುತ್ತೇನೆ. ಎಲ್ಲ ಆಗದಿದ್ದರೆ ಮೊದಲು ರಾಶಿಯದ್ದು ಕಳಿಸು. ಬರೆದಿಟ್ಟ ಹಾಳೆಯ ಫೋಟೋ ಆದರೂ ಸಾಕು. ಎಲ್ಲಾದರೂ ತೊಡಕಾಗಿದೆಯಾ?"

ಇಲ್ಲಿ ಖಾಲಿ ಇರುವುದು ಪಟ್ಟಿ. ತಪ್ಪಿತಸ್ಥರು ಯಾರೂ ಇಲ್ಲ. ಏನು ಬೇಕು, ಯಾವಾಗ, ಆ ದಿನವೇ ಏಕೆ ಎಂಬುದು ಸ್ಪಷ್ಟವಾಗಿದೆ. ಪೂರ್ತಿ ಆಗದಿದ್ದರೆ ಎಷ್ಟು ಸಾಕು ಎಂಬುದೂ ಇದೆ. ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯ ಪ್ರಶ್ನೆ. ಅದಕ್ಕೆ ಇಂಥ ಉತ್ತರ ಬರಬಹುದು: "ಹೊಸ ಚಾಲಿ, ಹಳೆ ಚಾಲಿ ಅಂತ ಎರಡು ದರ ಇದೆ. ನೀನು ಕೊಟ್ಟ ಪಟ್ಟಿಯಲ್ಲಿ ಚಾಲಿಗೆ ಒಂದೇ ಕಾಲಂ. ಯಾವುದು ಬರೆಯಬೇಕು ಅಂತ ಗೊತ್ತಾಗದೆ ಹಾಗೇ ಇಟ್ಟೆ."

ಅಂದರೆ ತಡೆ ಇದ್ದದ್ದು ಪಟ್ಟಿಯಲ್ಲೇ. ಗದರಿಸಿದ್ದರೆ ಅವಳು ಕೈಗೆ ಸಿಕ್ಕ ದರವನ್ನು ತುಂಬಿ ಕಳಿಸುತ್ತಿದ್ದಳು. ಸಿದ್ದಾಪುರದ ಹೊಸ ಚಾಲಿಯ ಎದುರು ಯಲ್ಲಾಪುರದ ಹಳೆ ಚಾಲಿ ಕೂತು ಹೋಲಿಕೆಯೇ ತಪ್ಪಾಗುತ್ತಿತ್ತು. ಒಂದು ಊರಿನ ಗೆರೆ ಮಾತ್ರ ಉಳಿದೆರಡಕ್ಕಿಂತ ತುಂಬ ಮೇಲೆ ಅಥವಾ ಕೆಳಗೆ ನಿಂತರೆ ಇಂಥ ಬೆರಕೆ ಆಗಿದೆಯೇ ಎಂದು ನೋಡಬೇಕು. ಆದ್ದರಿಂದ ಕೇಳುವ ಮೊದಲೇ ನಾವು ಕೊಟ್ಟ ನಮೂನೆಯನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು. ಯಾವ ಬಗೆ, ಯಾವ ವಾರ, ಕನಿಷ್ಠ ದರವೋ ಗರಿಷ್ಠ ದರವೋ, ಕ್ವಿಂಟಲಿಗೋ ಕಿಲೋಗೋ ಎಂಬುದು ಅದರಲ್ಲಿ ಇರಬೇಕು.

ಗುರುವಾರವೂ ಉತ್ತರ ಬರದಿದ್ದರೆ? ಅದೇ ಸಂದೇಶವನ್ನು ಮತ್ತೆ ಕಳಿಸಿ ಪ್ರಯೋಜನವಿಲ್ಲ. ಮಳೆಗಾಲದಲ್ಲಿ ನಮ್ಮ ಘಟ್ಟದ ಹಳ್ಳಿಗಳಲ್ಲಿ ಕರೆಂಟು ಹೋದರೆ ನೆಟ್‌ವರ್ಕೂ ಹೋಗುತ್ತದೆ, ಸಂದೇಶ ತಲುಪಿರದೆಯೂ ಇರಬಹುದು. ಮನೆಯವರ ಫೋನಿಗೆ ಕರೆ ಮಾಡಬೇಕು, ಇಲ್ಲವೇ ಕಾಲೇಜಿನಲ್ಲಿ ಎದುರಿಗೇ ಕೇಳಬೇಕು. ಶುಕ್ರವಾರಕ್ಕೂ ಸಿಗದಿದ್ದರೆ ಎರಡು ಊರಿನ ನಕ್ಷೆ ಬಿಡಿಸಿ, ಮೂರನೆಯ ಜಾಗವನ್ನು ಖಾಲಿ ಬಿಡಬೇಕು. ಅಂದಾಜಿನ ಅಂಕಿ ತುಂಬಬಾರದು.

ಉಪನ್ಯಾಸಕರಿಗೂ ಶನಿವಾರವೇ ತಿಳಿಸಬೇಕು. ಅದಕ್ಕೆ ಮೊದಲು "ನಾಳೆ ಸರ್‌ಗೆ ಹೀಗೆ ಹೇಳುತ್ತೇನೆ" ಎಂದು ಗೆಳತಿಗೆ ತಿಳಿಸಿದರೆ ಅದು ಚಾಡಿಯಾಗುವುದಿಲ್ಲ. ಹೇಳುವುದು ಇಷ್ಟೇ: "ಸರ್, ಎರಡು ಊರಿನ ನಕ್ಷೆ ಸಿದ್ಧವಿದೆ. ಯಲ್ಲಾಪುರದ ದರ ಇನ್ನೂ ಸೇರಿಸಿಲ್ಲ. ಬುಧವಾರದವರೆಗೆ ಸಮಯ ಸಿಗಬಹುದೇ?" ಯಾರು ತಡ ಮಾಡಿದರು ಎಂದು ಅವರು ಕೇಳಿದರೆ ಇದ್ದದ್ದನ್ನು ಹೇಳಬೇಕು, ಅದಕ್ಕೆ ಬಣ್ಣ ಕಟ್ಟಬೇಕಿಲ್ಲ.

ಈ ಕ್ರಮಕ್ಕೂ ಮಿತಿಯಿದೆ. ಒಬ್ಬರೇ ಮೂರು ನಾಲ್ಕು ಸಲ ತಡ ಮಾಡಿದರೆ ಇನ್ನೊಂದು ನೆನಪೋಲೆಯಿಂದ ಅದು ಸರಿಯಾಗದು. ಆ ಪ್ರಾಜೆಕ್ಟ್ ಮುಗಿದ ಮೇಲೆ ಕೂತು ಕೆಲಸದ ಪಾಲನ್ನೇ ಬೇರೆ ರೀತಿ ಹಂಚಿಕೊಳ್ಳಬೇಕು. ಒಂದು ವಿಭಾಗದ ಅಂಕಪಟ್ಟಿಗಾಗಿ ಕಾಯುವ ಉಪನ್ಯಾಸಕರಿಗೂ ಇದೇ ಕ್ರಮ ಹೊಂದುತ್ತದೆ. "ಮೇಡಂ, ಬಿ ವಿಭಾಗದಲ್ಲಿ ಎರಡು ಹೆಸರಿನ ಮುಂದೆ ಅಂಕ ಖಾಲಿ ಇದೆ, ಆ ಮಕ್ಕಳು ಗೈರಾಗಿದ್ದರೇ?" ಎಂದು ಕೇಳಿದರೆ, ಉತ್ತರ ಆ ಎರಡು ಹೆಸರಿಗೇ ಬರುತ್ತದೆ.