ಒಂಬತ್ತು ಪೇಪರ್‌ಗಳ ಸಿ.ವಿ.ಯಲ್ಲಿ ಪೇಪರ್ ಎಷ್ಟು?

ಐದು ಪೇಪರ್ ಪ್ರಕಟಿಸಿದವರಿಗೂ ಹತ್ತು ಅಂಕ, ಇಪ್ಪತ್ತೈದು ಪ್ರಕಟಿಸಿದವರಿಗೂ ಹತ್ತೇ ಅಂಕ. ವಿಶ್ವವಿದ್ಯಾಲಯಗಳ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಬಂದ ಅರ್ಜಿಗಳನ್ನು ಜರಡಿ ಹಿಡಿಯಲು ಯುಜಿಸಿ ತನ್ನ 2018ರ ನಿಯಮಾವಳಿಯಲ್ಲಿ ಕೊಟ್ಟ ಕೋಷ್ಟಕದ ಲೆಕ್ಕವಿದು. ನೂರು ಅಂಕಗಳಲ್ಲಿ ಪಿಎಚ್.ಡಿ.ಗೆ 30, ಸ್ನಾತಕೋತ್ತರ ಪದವಿಗೆ ಹೆಚ್ಚೆಂದರೆ 25. ಪ್ರಕಟಣೆಗೆ ಪೇಪರ್ ಒಂದಕ್ಕೆ 2ರಂತೆ 10ರವರೆಗೆ, ಬೋಧನೆ ಅಥವಾ ಪೋಸ್ಟ್‌ಡಾಕ್ ಅನುಭವಕ್ಕೆ ವರ್ಷಕ್ಕೆ 2ರಂತೆ ಮತ್ತೊಂದು 10. ತಂದ ಅನುದಾನಕ್ಕೆ ಈ ಕೋಷ್ಟಕದಲ್ಲಿ ಸಾಲೇ ಇಲ್ಲ.

ಆದರೆ ಈ ಅಂಕಗಳ ಆಟ ಸಂದರ್ಶನದ ಬಾಗಿಲವರೆಗೆ ಮಾತ್ರ. ಆಯ್ಕೆ ನಡೆಯುವುದು ಸಂದರ್ಶನದ ಮೇಲೆ ಎಂದು ಅದೇ ನಿಯಮಾವಳಿ ಹೇಳುತ್ತದೆ. ಒಳಗೆ ಕೂತಿರುವ ವಿಷಯತಜ್ಞರ ಕೈಯಲ್ಲಿರುವುದು ಅಭ್ಯರ್ಥಿಯ ಸಿ.ವಿ. ಹೊರಗಿನ ಗುಮಾಸ್ತರು ಅದನ್ನು ಎಣಿಸಿರುತ್ತಾರೆ, ಒಳಗಿನವರು ಓದುತ್ತಾರೆ. ಬಹಳಷ್ಟು ಸಿ.ವಿ.ಗಳು ಎಣಿಸುವವರಿಗಾಗಿ ಬರೆದವು, ಓದುವವರ ಮುಂದೆ ಮುಗ್ಗರಿಸುವುದೂ ಅದಕ್ಕೇ.

ಒಂದು ಕಲ್ಪಿತ ಉದಾಹರಣೆ ನೋಡಬಹುದು. ಮಣ್ಣಿನ ಸೂಕ್ಷ್ಮಾಣುಗಳ ಮೇಲೆ ಪಿಎಚ್.ಡಿ. ಮುಗಿಸಿದ ಅಭ್ಯರ್ಥಿಯೊಬ್ಬಳ ಸಿ.ವಿ.ಯಲ್ಲಿ ‘ಪ್ರಕಟಣೆಗಳು: 9’ ಎಂದಿದೆ. ಬಿಡಿಸಿದರೆ ಬೇರೆಯೇ ಚಿತ್ರ ಕಾಣುತ್ತದೆ. ಪರಿಶೀಲನೆಗೊಳಪಟ್ಟ ನಿಯತಕಾಲಿಕಗಳಲ್ಲಿ ಬಂದ ಪೇಪರ್ ಮೂರು. ಸಂಪಾದಿತ ಪುಸ್ತಕದಲ್ಲಿ ಅಧ್ಯಾಯ ಒಂದು, ಪರಿಶೀಲನೆಯಲ್ಲಿರುವುದು ಒಂದು, ‘ಬರೆಯುತ್ತಿರುವುದು’ ಒಂದು, ಸಮ್ಮೇಳನದ ಸಾರಾಂಶ ಎರಡು. ಒಂಬತ್ತನೆಯದು, ದುಡ್ಡು ಕಟ್ಟಿದ ಮೂರೇ ದಿನಕ್ಕೆ ‘ಸ್ವೀಕೃತ’ ಎಂದು ಮಿಂಚಂಚೆ ಕಳಿಸಿದ ನಿಯತಕಾಲಿಕದ್ದು.

ಇವೆಲ್ಲ ಒಂದೇ ಸಾಲಿನಲ್ಲಿ ನಿಂತಿರುವುದರಿಂದ ನಷ್ಟವಾಗುವುದು ಆ ಮೂರು ಒಳ್ಳೆಯ ಪೇಪರ್‌ಗಳಿಗೇ. ಸಾರಾಂಶವನ್ನು ಪೇಪರ್ ಎಂದು ಎಣಿಸಿದ್ದನ್ನು ಕಂಡ ತಜ್ಞರು ಉಳಿದವನ್ನೂ ಅನುಮಾನದಿಂದಲೇ ನೋಡುತ್ತಾರೆ. ಸರಿಪಡಿಸುವುದು ಕಷ್ಟವಲ್ಲ. ‘ನಿಯತಕಾಲಿಕ ಲೇಖನಗಳು’ ಎಂಬ ತಲೆಬರಹದಡಿ ಮೂರು, ಇತ್ತೀಚಿನದು ಮೊದಲು. ‘ಪುಸ್ತಕದ ಅಧ್ಯಾಯ’ ಬೇರೆ. ಪರಿಶೀಲನೆಯಲ್ಲಿರುವುದಕ್ಕೆ ಪ್ರೀಪ್ರಿಂಟ್ ಇದ್ದರೆ ಅದರ ಕೊಂಡಿ ಕೊಟ್ಟು ಇನ್ನೊಂದು ತಲೆಬರಹ. ಸಾರಾಂಶಗಳು ‘ಸಮ್ಮೇಳನಗಳು’ ಎಂಬಲ್ಲಿಗೆ, ಅದೂ ಭಾಷಣವೋ ಪೋಸ್ಟರೋ ಎಂದು ತಿಳಿಸಿ. ಇನ್ನೂ ಬರೆಯುತ್ತಿರುವುದು ಪಟ್ಟಿಯಿಂದ ಹೊರಗೆ.

ಮೂರು ದಿನದ ಪೇಪರಿನದೇ ಪೇಚು. ತೆಗೆದರೆ ಎರಡು ಅಂಕ ಹೋದೀತೆಂಬ ಭಯ. ಯುಜಿಸಿಯೇ ನಡೆಸುತ್ತಿದ್ದ ‘ಕೇರ್’ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟ ಮೇಲೆ, ನಿಯತಕಾಲಿಕ ಎಂಥದೆಂದು ತೂಗುವ ಹೊಣೆ ಸಂಸ್ಥೆಗಳ ಮೇಲೆ, ಅಂದರೆ ಮೇಜಿನಾಚೆ ಕೂತವರ ಮೇಲೆಯೇ ಬಿದ್ದಿದೆ. ಸಂಪಾದಕ ಮಂಡಳಿ ಯಾರದು, ತಾನು ಸೂಚೀಕೃತ ಎಂದು ಹೇಳಿಕೊಳ್ಳುವ ದತ್ತಕೋಶದಲ್ಲಿ ಅದರ ಹೆಸರು ನಿಜಕ್ಕೂ ಇದೆಯೇ ಎಂದು ನೋಡಲು ಅವರಿಗೆ ಐದು ನಿಮಿಷ ಸಾಕು. ಅರ್ಜಿ ಎಲ್ಲ ಪ್ರಕಟಣೆಗಳನ್ನೂ ಕೇಳಿದರೆ ಅಡಗಿಸುವಂತಿಲ್ಲ, ಸಿ.ವಿ.ಯಲ್ಲಿ ಮಾತ್ರ ‘ಆಯ್ದ ಪ್ರಕಟಣೆಗಳು’ ಎಂದು ಬರೆದು ಬಿಟ್ಟುಬಿಡುವುದೇ ವಾಸಿ.

ಪ್ರತಿ ಪೇಪರಿನಲ್ಲಿ ಅಭ್ಯರ್ಥಿಯ ಪಾತ್ರವೇನು ಎಂಬುದೂ ಕಾಣಬೇಕು. ಎಲ್ಲ ಲೇಖಕರ ಹೆಸರನ್ನೂ ಪ್ರಕಟವಾದ ಕ್ರಮದಲ್ಲೇ ಕೊಟ್ಟು, ತನ್ನದನ್ನು ದಪ್ಪಕ್ಷರದಲ್ಲಿ ತೋರಿಸುವುದು ರೂಢಿ. ಮೊದಲ ಸ್ಥಾನವನ್ನು ಇಬ್ಬರು ಹಂಚಿಕೊಂಡಿದ್ದರೆ ನಕ್ಷತ್ರದ ಗುರುತು ಹಾಕುತ್ತಾರೆ. ಜೀವವಿಜ್ಞಾನದಲ್ಲಿ ಮೊದಲ ಹೆಸರಿಗೂ ಕೊನೆಯ ಹೆಸರಿಗೂ ಅರ್ಥವಿದೆ. ಗಣಿತದಲ್ಲಿ ಹೆಸರುಗಳು ಸಾಮಾನ್ಯವಾಗಿ ಅಕ್ಷರಾನುಕ್ರಮದಲ್ಲಿರುತ್ತವೆ. ಬೇರೆ ವಿಭಾಗದವರೂ ಕೂತಿರುವ ಸಮಿತಿಗೆ ಗಣಿತದ ಸಿ.ವಿ. ಈ ಸಂಗತಿಯನ್ನು ಒಂದು ಸಾಲಿನಲ್ಲಿ ಹೇಳಿಬಿಡಬೇಕು.

ಕನ್ನಡಿಗರಿಗೆ ಇಲ್ಲೊಂದು ಹೆಚ್ಚಿನ ತೊಡಕಿದೆ: ಇನಿಷಿಯಲ್. ಊರಿನ ಹೆಸರಿನ ಮೊದಲಕ್ಷರ, ತಂದೆಯ ಹೆಸರಿನ ಮೊದಲಕ್ಷರ, ಕೊನೆಗೆ ಸ್ವಂತ ಹೆಸರು. ಒಂದು ನಿಯತಕಾಲಿಕದಲ್ಲಿ ‘ಎಚ್. ಎಸ್. ಮಂಜುನಾಥ’ ಆದವರು, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರೇ ಸರ್‌ನೇಮ್ ಆಗಿ, ವಿದೇಶಿ ನಿಯತಕಾಲಿಕದಲ್ಲಿ ‘ಎಂ. ಶಿವಪ್ಪ’ ಆಗುತ್ತಾರೆ. ಹುಡುಕುವ ಯಂತ್ರಕ್ಕೆ ಇವರಿಬ್ಬರು. 2012ರಲ್ಲಿ ಶುರುವಾದ ಆರ್ಕಿಡ್ ಎಂಬ 16 ಅಂಕಿಗಳ ಉಚಿತ ಗುರುತುಸಂಖ್ಯೆ ಇಂಥ ಗೊಂದಲಕ್ಕೆಂದೇ ಇರುವುದು. ಅದನ್ನು ಸಿ.ವಿ.ಯ ನೆತ್ತಿಯಲ್ಲಿ ಬರೆದು, ಎರಡೂ ಹೆಸರಿನ ಪೇಪರ್‌ಗಳನ್ನು ಅದಕ್ಕೆ ಜೋಡಿಸಿದರೆ ಇಬ್ಬರೂ ಒಬ್ಬರಾಗುತ್ತಾರೆ.

ಬೋಧನೆಯ ವಿಭಾಗಕ್ಕೆ ಬಂದರೆ ನಮ್ಮ ಅಭ್ಯರ್ಥಿ ಬರೆದದ್ದು ಒಂದೇ ಸಾಲು: ‘ಅತಿಥಿ ಉಪನ್ಯಾಸಕಿ, ಒಂದೂವರೆ ವರ್ಷ’. ಅಂಕಕ್ಕೆ ಅಷ್ಟು ಸಾಕು. ಒಂದು ವರ್ಷಕ್ಕಿಂತ ಕಡಿಮೆ ಅವಧಿಗೆ ಅದೇ ಪ್ರಮಾಣದಲ್ಲಿ ಅಂಕ ಸಿಗುವುದರಿಂದ ಇದಕ್ಕೆ 3. ಅನುಭವ ಪತ್ರದಲ್ಲಿ ಆರಂಭದ ಮತ್ತು ಕೊನೆಯ ದಿನಾಂಕ ಸ್ಪಷ್ಟವಾಗಿರಬೇಕು, ಅಷ್ಟೆ. ಓದುವವರಿಗೆ ಇದು ಸಾಲದು. ಬಿ.ಎಸ್ಸಿ. ಯಾವ ಸೆಮಿಸ್ಟರ್, ಯಾವ ಪತ್ರಿಕೆ, ವಾರಕ್ಕೆ ಎಷ್ಟು ಗಂಟೆ, ತರಗತಿಯಲ್ಲಿ ಎಷ್ಟು ಮಂದಿ, ಪ್ರಶ್ನೆಪತ್ರಿಕೆ ತಯಾರಿಸಿದ್ದಳೇ, ಪ್ರಯೋಗಾಲಯ ನಡೆಸಿದ್ದಳೇ ಎಂಬುದೆಲ್ಲ ಮೂರು ಸಾಲಿನಲ್ಲಿ ಹಿಡಿಸುತ್ತದೆ.

ಫೆಲೋಶಿಪ್ ಪಡೆಯುತ್ತಾ ಪೂರ್ಣಾವಧಿ ಪಿಎಚ್.ಡಿ. ಮಾಡುವಾಗ ಆಕೆ ಎಂ.ಎಸ್ಸಿ.ಯವರಿಗೆ ಪ್ರಾಯೋಗಿಕ ತರಗತಿಗಳನ್ನೂ ತೆಗೆದುಕೊಂಡಿದ್ದಳು. ಪಿಎಚ್.ಡಿ.ಗೆ ಹಿಡಿದ ಕಾಲ ಬೋಧನಾನುಭವ ಅಲ್ಲ ಎನ್ನುತ್ತದೆ ಯುಜಿಸಿ. ರಜೆ ಹಾಕದೆ ಕೆಲಸದಲ್ಲಿದ್ದುಕೊಂಡೇ ಸಂಶೋಧನೆ ಮಾಡಿದವರ ಸೇವೆಯನ್ನು ಮಾತ್ರ ಎಣಿಸುತ್ತದೆ. ಅಂಕ ಬಾರದೆಂದು ಆ ತರಗತಿಗಳನ್ನು ಆಕೆ ಸಿ.ವಿ.ಯಿಂದಲೇ ಕೈಬಿಟ್ಟಿದ್ದಳು. ಸ್ನಾತಕೋತ್ತರ ವಿಭಾಗಕ್ಕೆ ಅರ್ಜಿ ಹಾಕುವಾಗ ತಜ್ಞರಿಗೆ ಬೇಕಾಗಿದ್ದದ್ದೇ ಅದು.

ಅನುದಾನದ ಸಾಲಿನಲ್ಲಿ ದೊಡ್ಡ ಅಂಕಿಯೊಂದು ಹೊಳೆಯುತ್ತಿತ್ತು: ‘38 ಲಕ್ಷ ರೂಪಾಯಿ’. ಮುಖ್ಯ ಸಂಶೋಧಕರು ಗೈಡ್; ಈಕೆ ಆ ಪ್ರಾಜೆಕ್ಟಿನ ಸಿಬ್ಬಂದಿ. ಮಂಜೂರಾತಿ ಪತ್ರದಲ್ಲಿ ಯಾರ ಹೆಸರಿದೆಯೋ ಅನುದಾನ ಅವರದ್ದು. ಹಾಗೆಂದು ಅವಳ ಶ್ರಮ ಸುಳ್ಳಲ್ಲ. ‘ಪ್ರಾಜೆಕ್ಟ್ ಫೆಲೋ, ಪ್ರಸ್ತಾವದ ಮಾದರಿ ಸಂಗ್ರಹದ ಭಾಗ ಮತ್ತು ಬಜೆಟ್ ಸಿದ್ಧಪಡಿಸಿದ್ದೇನೆ’ ಎಂದು ಸಂಶೋಧನಾನುಭವದಡಿ ಬರೆದರೆ ಸತ್ಯವೂ ಹೌದು, ತೂಕವೂ ಹೆಚ್ಚು. ಜೆ.ಆರ್.ಎಫ್. ಹೋಗುವುದು ಫೆಲೋಶಿಪ್‌ಗಳ ಜಾಗಕ್ಕೆ. ಸಮ್ಮೇಳನಕ್ಕೆ ಹೋಗಲು ತಾನೇ ಅರ್ಜಿ ಹಾಕಿ ಗಳಿಸಿದ ಪ್ರವಾಸ ಧನ ಅರವತ್ತೇ ಸಾವಿರವಾದರೂ ಅದು ಅವಳ ಹೆಸರಿನದು. ಕೊಟ್ಟವರು, ವರ್ಷ, ಮೊತ್ತ ಸಮೇತ ಅದೇ ಮೊದಲ ಸಾಲಾಗಬೇಕು.

ಇದೇ ಸಿ.ವಿ. ಜರ್ಮನಿಯ ಪೋಸ್ಟ್‌ಡಾಕ್ ಕಡೆಗೆ ಹೊರಟರೆ ರೂಪ ಬದಲಾಗುತ್ತದೆ. ಅಲ್ಲಿನ ಮುಖ್ಯ ಅನುದಾನ ಸಂಸ್ಥೆ ಡಿಎಫ್‌ಜಿಯ ನಮೂನೆಯಲ್ಲಿ ಪರಿಶೀಲಿತ ಪ್ರಕಟಣೆಗಳಿಗೆ ಹತ್ತರ ಮಿತಿ. ದತ್ತಾಂಶ, ಸಾಫ್ಟ್‌ವೇರ್, ಪ್ರೀಪ್ರಿಂಟ್‌ಗಳಂಥ ಉಳಿದವಕ್ಕೆ ಬೇರೆಯೇ ಜಾಗ. ಬ್ರಿಟನ್ನಿನ ಹಲವು ಅರ್ಜಿಗಳು ಪಟ್ಟಿಯ ಬದಲು ಕಥನವನ್ನೇ ಕೇಳುತ್ತವೆ: ಜ್ಞಾನಕ್ಕೆ ಸೇರಿಸಿದ್ದೇನು, ಯಾರನ್ನು ತಯಾರು ಮಾಡಿದಿರಿ, ಸಮಾಜಕ್ಕೆ ತಲುಪಿಸಿದ್ದೇನು ಎಂದು. ಜಮೀನುಗಳಿಂದ ತಂದ ಮಣ್ಣಿನ ಮಾದರಿಗಳ ದತ್ತಾಂಶವನ್ನು ನಮ್ಮ ಅಭ್ಯರ್ಥಿ ಸಾರ್ವಜನಿಕ ಭಂಡಾರಕ್ಕೆ ಹಾಕಿದ್ದಾಳೆ. ಇಲ್ಲಿಯ ಕೋಷ್ಟಕದಲ್ಲಿ ಅದಕ್ಕೆ ಸೊನ್ನೆ. ಅಲ್ಲಿ ಒಂದು ಪ್ಯಾರಾ.

ತಂದೆಯ ಹೆಸರು, ವೈವಾಹಿಕ ಸ್ಥಿತಿ, ಭಾವಚಿತ್ರ, ‘ಮೇಲಿನದೆಲ್ಲ ಸತ್ಯ’ ಎಂಬ ಘೋಷಣೆ ಇಲ್ಲಿಯ ಅರ್ಜಿ ನಮೂನೆ ಕೇಳಿದರೆ ಇರಲಿ. ಬ್ರಿಟನ್ನಿಗೆ ಹೋಗುವ ಪ್ರತಿಯಲ್ಲಿ ಬೇಡ. ಅಲ್ಲಿಗೆ ಬೇಕಾದದ್ದು ಕೇಳಿದಷ್ಟೇ ಪುಟದ ಒಂದು ಪಿಡಿಎಫ್, ಮುಂಚೆಯೇ ಒಪ್ಪಿಗೆ ಪಡೆದ ಇಬ್ಬರು ಮೂವರು ರೆಫರಿಗಳ ಹೆಸರು. ಇಲ್ಲಿಗಾದರೆ ಪ್ರತಿ ಸಾಲಿನ ಪಕ್ಕದಲ್ಲೂ ಲಗತ್ತಿನ ಪುಟಸಂಖ್ಯೆ ಇರಬೇಕು: ಪೇಪರಿನ ಮೊದಲ ಪುಟ, ಅನುಭವ ಪತ್ರ, ಪ್ರವಾಸ ಧನದ ಮಂಜೂರಾತಿ, ಇದೇ ಕ್ರಮದಲ್ಲಿ.